ಗೆಳತಿಯ ಒಂಬತ್ತು ವಿಡಿಯೋ, ನನ್ನ ಹನ್ನೊಂದು ಪುಟ

ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ಅವರ ಮಗಳು ಸೆಕೆಂಡ್ ಪಿಯುಸಿ. ಟೈಫಾಯ್ಡ್ ಬಂದು ಹದಿನೈದು ದಿನ ಮಲಗಿದ್ದಾಳೆ. ಅವಳ ಗೆಳತಿ ಆನ್‌ಲೈನ್ ಕ್ಲಾಸುಗಳನ್ನೆಲ್ಲ ರೆಕಾರ್ಡ್ ಮಾಡಿ ಕಳಿಸಿದ್ದಾಳೆ. "ಇವಳು ವಿಡಿಯೋ ಹಾಕ್ಕೊಂಡು ಕೂರ್ತಾಳೆ, ಹತ್ತು ನಿಮಿಷಕ್ಕೆ ನಿದ್ದೆ ಮಾಡ್ತಾಳೆ. ನಿಂಗೂ ಹಿಂಗೇ ಆಗಿತ್ತಲ್ಲ, ನೋಟ್ಸ್ ಹೆಂಗೆ ಮಾಡ್ಕೊಂಡೆ ಅಂತ ಸ್ವಲ್ಪ ಹೇಳೇ" ಅಂದರು.

ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅನ್ನಿಸಿತು. ಅಟ್ಟದ ಮೇಲಿನ ಟ್ರಂಕಿನಿಂದ ಆ ನೋಟ್‌ಬುಕ್ ತೆಗೆದೆ. ಹನ್ನೊಂದು ಪುಟ, ನೀಲಿ ಪೆನ್ನು, ಬಲಗಡೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಸಂಖ್ಯೆಗಳು. ಆ ಪುಟಗಳನ್ನು ಎದುರಿಗೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಅದು 2021ರ ಮಳೆಗಾಲ. ಕಾಲೇಜು ಇನ್ನೂ ಮೊಬೈಲಿನಲ್ಲೇ ನಡೆಯುತ್ತಿತ್ತು. ನನಗೆ ಡೆಂಗ್ಯೂ. ನಾಲ್ಕು ದಿನ ಆಸ್ಪತ್ರೆ, ದಿನಾ ಬೆಳಿಗ್ಗೆ ಪ್ಲೇಟ್‌ಲೆಟ್ ನೋಡಲು ರಕ್ತ. ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ. ಮನೆಗೆ ಬಂದ ಮೇಲೂ ಹತ್ತು ಹನ್ನೆರಡು ದಿನ ಎದ್ದು ಕೂತರೆ ತಲೆ ಸುತ್ತುತ್ತಿತ್ತು. ಅಷ್ಟರಲ್ಲಿ ಕೆಮಿಸ್ಟ್ರಿಯಲ್ಲಿ ಒಂದು ಇಡೀ ಯೂನಿಟ್ ಮುಗಿದಿತ್ತು: ಎಲೆಕ್ಟ್ರೋಕೆಮಿಸ್ಟ್ರಿ. ನನ್ನ ಗೆಳತಿ ಮೇಡಂ ಹತ್ತಿರ ಕೇಳಿ, ಒಪ್ಪಿಗೆ ತಗೊಂಡು, ತನ್ನ ಫೋನಿನ ಸ್ಕ್ರೀನ್ ರೆಕಾರ್ಡರಿನಲ್ಲಿ ಒಂಬತ್ತು ಕ್ಲಾಸು ಹಿಡಿದಿಟ್ಟಿದ್ದಳು. ನಮ್ಮೂರಿನ ನೆಟ್‌ವರ್ಕಿನಲ್ಲಿ ಅಷ್ಟು ದೊಡ್ಡ ಫೈಲು ಇಳಿಯುವುದು ಆಗದ ಮಾತು. ಅವಳ ಅಣ್ಣ ಒಂದು ಮೆಮೊರಿ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೈಕಿನಲ್ಲಿ ತಂದುಕೊಟ್ಟ. ಒಟ್ಟು ಸುಮಾರು ಏಳು ಗಂಟೆ.

ಮೊದಲನೇ ದಿನ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೊದಲನೇ ವಿಡಿಯೋ ಹಾಕಿ, ಮೇಡಂ ಹೇಳಿದ್ದನ್ನೆಲ್ಲ ಬರೆಯುತ್ತಾ ಹೋದೆ. ಬೇಗ ಮುಗಿಯಲಿ ಅಂತ ಒಂದೂವರೆ ಪಟ್ಟು ವೇಗಕ್ಕೆ ಇಟ್ಟಿದ್ದೆ. ಇಪ್ಪತ್ತು ನಿಮಿಷದ ಪಾಠಕ್ಕೆ ಮೂರು ಪುಟ ಆಯಿತು. ಸಂಜೆ ಓದಿದರೆ ಏನೂ ತಲೆಗೆ ಹತ್ತಲಿಲ್ಲ. ಕ್ಲಾಸಿನಲ್ಲಿ ಮೇಷ್ಟ್ರು ಒಂದೇ ಮಾತನ್ನು ಮೂರು ಸಲ ಹೇಳುತ್ತಾರೆ, ಮಧ್ಯೆ ಹಾಜರಿ ಕೂಗುತ್ತಾರೆ, ಯಾರದೋ ಮೈಕ್ ಆಫ್ ಮಾಡಿಸುತ್ತಾರೆ, ಹಿಂದಿನ ದಿನದ ತಪ್ಪನ್ನು ಇವತ್ತು ತಿದ್ದುತ್ತಾರೆ. ಇದನ್ನೆಲ್ಲ ಹಾಗೇ ಬರೆದರೆ ಕ್ಲಾಸು ಕಾಗದಕ್ಕೆ ಬರುತ್ತದೆ ಅಷ್ಟೇ, ನೋಟ್ಸ್ ಆಗುವುದಿಲ್ಲ.

ಆ ಮೂರು ಪುಟ ಹರಿದು, ಮಾರನೇ ದಿನದಿಂದ ಬೇರೆ ಥರ ಶುರು ಮಾಡಿದೆ. ಮೊದಲ ಮೂರು ದಿನ ನೋಟ್ಸನ್ನೇ ಬರೆಯಲಿಲ್ಲ. ಸುಮ್ನೆ ವಿಡಿಯೋ ಓಡಿಸಿ, ಒಂದು ಹಾಳೆಯಲ್ಲಿ ಎಲ್ಲೆಲ್ಲಿ ಏನಿದೆ ಅಂತ ಗುರುತು ಹಾಕಿಕೊಂಡೆ. ಎಷ್ಟನೇ ವಿಡಿಯೋ, ಎಷ್ಟನೇ ನಿಮಿಷ, ಏನು. ಮಲಗಿಕೊಂಡೇ ಮಾಡಬಹುದಾದ ಕೆಲಸ. ಇಪ್ಪತ್ತು ನಿಮಿಷ ನೋಡುವುದು, ಕಣ್ಣು ಮುಚ್ಚುವುದು, ಮತ್ತೆ ಇಪ್ಪತ್ತು ನಿಮಿಷ. ಹಾಳೆಯ ಒಂದೆರಡು ಸಾಲು ಹೀಗಿವೆ:

```
3 / 12:40  SHE, E° = 0
4 / 08:15  Nernst
5 / 21:30  ಫೋನ್ ಬಂತು, 8 ನಿಮಿಷ ಇಲ್ಲ
6 / ಪೂರ್ತಿ  ಮೇಡಂ ದನಿ ಇಲ್ಲ
8 / 05:50  ಆನೋಡ್ + ???
```

ಕೊನೆಯ ಮೂರು ಸಾಲು ನೋಡಿ. ಈ ಯೂನಿಟ್‌ನಲ್ಲಿ ನಾನು ನಿಜವಾಗಿ ಕಲಿತಿದ್ದು ಅಲ್ಲೇ. ಒಂದೊಂದಾಗಿ ಹೇಳುತ್ತೇನೆ. ಸುಲಭದ್ದು ಮೊದಲು.

ಎರಡನೇ ವಿಡಿಯೋದಲ್ಲಿ ಡೇನಿಯಲ್ ಸೆಲ್. ಒಂದು ಬೀಕರಿನಲ್ಲಿ ಜಿಂಕ್ ಸಲ್ಫೇಟ್ ದ್ರಾವಣ, ಅದರಲ್ಲಿ ಜಿಂಕ್ ಪಟ್ಟಿ. ಇನ್ನೊಂದರಲ್ಲಿ ಕಾಪರ್ ಸಲ್ಫೇಟ್, ಅದರಲ್ಲಿ ತಾಮ್ರದ ಪಟ್ಟಿ. ಎರಡರ ನಡುವೆ ಸಾಲ್ಟ್ ಬ್ರಿಜ್. ಮೇಡಂ ಹಾಳೆಯ ಮೇಲೆ ಚಿತ್ರ ಬಿಡಿಸಿ, ಮೇಲಿನಿಂದ ಫೋನ್ ಹಿಡಿದು ಪಾಠ ಮಾಡುತ್ತಿದ್ದರು. "ಇದು ಆನೋಡ್, ಇದು ನೆಗೆಟಿವ್" ಅನ್ನುತ್ತಾ ಬೆರಳಿಟ್ಟು ತೋರಿಸುತ್ತಾರೆ. ನೆಟ್‌ವರ್ಕ್ ಕಮ್ಮಿ ಇದ್ದಾಗ ಹಿಡಿದ ವಿಡಿಯೋದಲ್ಲಿ ಆ ಬೆರಳು ಒಂದು ಕಂದು ಮಸುಕು. "ಇದು" ಅಂದರೆ ಯಾವುದು? ಅಲ್ಲಿ ನಿಲ್ಲಿಸಿ, ನೋಟ್ಸಿನಲ್ಲಿ "ಇದು" ಅಂತ ಬರೆಯದೆ ವಸ್ತುವಿನ ಹೆಸರನ್ನೇ ಬರೆಯಬೇಕು ಅಂತ ನಾನು ಹಟ ಹಿಡಿದೆ. ಜಿಂಕ್ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಅಂದರೆ ಅಲ್ಲಿ ಆಕ್ಸಿಡೇಷನ್, ಹಾಗಾಗಿ ಜಿಂಕ್ ಆನೋಡ್. ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ಆ ಪಟ್ಟಿಯಲ್ಲಿ ಸೇರುವುದರಿಂದ ಅದು ನೆಗೆಟಿವ್. ಸರಿ, ಬರೆದೆ: ಆನೋಡ್ ನೆಗೆಟಿವ್.

ಆಮೇಲೆ ಎಂಟನೇ ವಿಡಿಯೋ ಬಂತು, ಎಲೆಕ್ಟ್ರಾಲಿಸಿಸ್. ಮೇಡಂ ಸ್ಪಷ್ಟವಾಗಿ, ದೊಡ್ಡ ದನಿಯಲ್ಲಿ, "ಆನೋಡ್ ಪಾಸಿಟಿವ್" ಅಂದರು. ಆರು ದಿನದ ಅಂತರದಲ್ಲಿ ಎರಡು ಮಾತು. ಕ್ಲಾಸಿನಲ್ಲಿ ಕೂತವರಿಗೆ ಇದು ಗೊಂದಲ ಅನ್ನಿಸಿರಲಿಕ್ಕಿಲ್ಲ, ನಡುವೆ ಆರು ದಿನ ಇತ್ತಲ್ಲ. ನಾನು ಎರಡನ್ನೂ ಒಂದೇ ಮಧ್ಯಾಹ್ನ ನೋಡಿದ್ದೆ. ಮೇಡಂ ಎಲ್ಲೋ ಬಾಯಿತಪ್ಪಿ ಹೇಳಿದ್ದಾರೆ ಅಂತಲೇ ತಿಳಿದು, ಮೊದಲ ಪುಟದ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿದ್ದೆ.

ಎರಡೂ ಸರಿ. ಆನೋಡ್ ಅಂದರೆ ಆಕ್ಸಿಡೇಷನ್ ನಡೆಯುವ ಜಾಗ, ಅದು ಯಾವ ಸೆಲ್ಲಿನಲ್ಲೂ ಬದಲಾಗುವುದಿಲ್ಲ. ಚಿಹ್ನೆ ಮಾತ್ರ ಬದಲಾಗುತ್ತದೆ. ಡೇನಿಯಲ್ ಸೆಲ್ಲಿನಲ್ಲಿ ಎಲೆಕ್ಟ್ರಾನನ್ನು ಹೊರಗೆ ತಳ್ಳುವುದು ಸೆಲ್ಲೇ, ಅದಕ್ಕೆ ಆನೋಡ್ ನೆಗೆಟಿವ್. ಎಲೆಕ್ಟ್ರಾಲಿಸಿಸ್‌ನಲ್ಲಿ ಹೊರಗಿನ ಬ್ಯಾಟರಿ ಆ ತುದಿಯಿಂದ ಎಲೆಕ್ಟ್ರಾನನ್ನು ಎಳೆದುಕೊಳ್ಳುತ್ತದೆ, ಬ್ಯಾಟರಿಯ ಪಾಸಿಟಿವ್ ತುದಿಗೇ ಅದನ್ನು ಕಟ್ಟಿರುತ್ತಾರೆ, ಅದಕ್ಕೆ ಪಾಸಿಟಿವ್. ವಿಡಿಯೋ ಬಂದ ಕ್ರಮದಲ್ಲೇ ನೋಟ್ಸ್ ಬರೆದಿದ್ದರೆ ಈ ಎರಡು ಸಾಲು ಒಂದು ಎರಡನೇ ಪುಟದಲ್ಲಿ, ಇನ್ನೊಂದು ಹತ್ತನೇ ಪುಟದಲ್ಲಿ ಉಳಿಯುತ್ತಿದ್ದವು, ಪರೀಕ್ಷೆಯ ಹಿಂದಿನ ರಾತ್ರಿ ನನ್ನನ್ನು ಕಂಗೆಡಿಸುತ್ತಿದ್ದವು. ಎರಡನ್ನೂ ಒಂದೇ ಪುಟಕ್ಕೆ ತಂದು ಅಕ್ಕಪಕ್ಕ ಬರೆದೆ. ಅಂಚಿನಲ್ಲಿ 2 ಮತ್ತು 8 ಅಂತ ವಿಡಿಯೋ ಸಂಖ್ಯೆ ಹಾಕಿದೆ. ಇಡೀ ಯೂನಿಟ್ ಒಮ್ಮೆ ಕಣ್ಣಾಡಿಸುವ ತನಕ ಯಾವ ವಿಡಿಯೋದ ನೋಟ್ಸನ್ನೂ ಫೇರ್ ಮಾಡಬಾರದು ಅಂತ ನಾನು ಚಿಕ್ಕಮ್ಮನ ಮಗಳಿಗೆ ಹೇಳುವುದು ಈ ಕಾರಣಕ್ಕೇ.

ಇನ್ನು ಆರನೇ ವಿಡಿಯೋ. ಅವತ್ತು ನನ್ನ ಗೆಳತಿ ಇಯರ್‌ಫೋನ್ ಹಾಕಿಕೊಂಡು ಕ್ಲಾಸು ಕೇಳಿದ್ದಾಳೆ. ಅವಳ ರೆಕಾರ್ಡರಿನ ಸೆಟ್ಟಿಂಗ್ ಮೈಕಿನ ಮೇಲಿತ್ತು, ಫೋನಿನೊಳಗಿನ ಸೌಂಡ್ ಮೇಲೆ ಇರಲಿಲ್ಲ. ಹಾಗಾಗಿ ಮೇಡಂ ದನಿ ಅವಳ ಕಿವಿಗೆ ಮಾತ್ರ ಹೋಗಿದೆ, ವಿಡಿಯೋಗೆ ಬಂದಿಲ್ಲ. ಬಂದಿರುವುದು ಅವರ ಮನೆ ತಗಡಿನ ಮೇಲೆ ಬೀಳುವ ಮಳೆ, ಅಡುಗೆಮನೆಯ ಮಿಕ್ಸಿ, ಯಾರೋ ಕೆಮ್ಮುವುದು. (ನಿಮಗಾಗಿ ಯಾರಾದರೂ ರೆಕಾರ್ಡ್ ಮಾಡುತ್ತಿದ್ದರೆ ಮೊದಲನೇ ದಿನವೇ ಒಂದು ನಿಮಿಷ ಹಿಡಿದು, ಹಾಕಿ ಕೇಳಲು ಹೇಳಿ. ಅಷ್ಟು ಸಾಕು.) ಹಾಳೆಯ ಮೇಲೆ ಮೇಡಂ ಬರೆಯುವುದು ಮಾತ್ರ ಕಾಣುತ್ತದೆ. ಕಂಡಕ್ಟಿವಿಟಿ ಅಂತ ಒಂದು, ಮೋಲಾರ್ ಕಂಡಕ್ಟಿವಿಟಿ ಅಂತ ಇನ್ನೊಂದು. ಪಕ್ಕದಲ್ಲಿ ಒಂದು ಪುಟ್ಟ ಚೌಕ, ಒಂದು ದೊಡ್ಡ ಡಬ್ಬಿ. ದ್ರಾವಣಕ್ಕೆ ನೀರು ಸೇರಿಸಿದರೆ ಮೊದಲನೆಯದಕ್ಕೆ ಕೆಳಗಿನ ಬಾಣ, ಎರಡನೆಯದಕ್ಕೆ ಮೇಲಿನ ಬಾಣ.

ಆಗ ಮಳೆಯ ಸದ್ದಿನ ಮಧ್ಯೆ ಗೆಳತಿಯ ದನಿ ಕೇಳಿತು. ಅವಳ ಮೈಕಲ್ವಾ, ಅವಳ ಮಾತು ಸ್ಪಷ್ಟವಾಗಿ ಬಂದಿತ್ತು. "ಮೇಡಂ, ಹಂಗಾದ್ರೆ ಎರಡೂ ಯಾಕೆ ಉಲ್ಟಾ?" ಆಮೇಲೆ ನಾಲ್ಕು ನಿಮಿಷ ಬರೀ ಮಳೆ. ಆಮೇಲೆ, "ಹಾಂ, ಗೊತ್ತಾಯ್ತು ಮೇಡಂ."

ನನ್ನ ಹತ್ತಿರ ಪ್ರಶ್ನೆ ಇತ್ತು, ಉತ್ತರ ಇರಲಿಲ್ಲ. ತಕ್ಷಣ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಹಾಳೆಯಲ್ಲಿ ಮೇಡಂ ಚೌಕ, ಡಬ್ಬಿ ಸುಮ್ಮನೆ ಬರೆದಿರಲಿಕ್ಕಿಲ್ಲ ಅನ್ನಿಸಿ ಮೊದಲು ನಾನೇ ಯೋಚಿಸಿದೆ. ಪಠ್ಯಪುಸ್ತಕದಿಂದ ಪೊಟ್ಯಾಸಿಯಂ ಕ್ಲೋರೈಡಿನ ಸಂಖ್ಯೆಗಳನ್ನು ಪಕ್ಕಕ್ಕೆ ಬರೆದುಕೊಂಡೆ. κ ಅಂದರೆ ಕಂಡಕ್ಟಿವಿಟಿ, Λm ಅಂದರೆ ಮೋಲಾರ್ ಕಂಡಕ್ಟಿವಿಟಿ, M ಅಂದರೆ ದ್ರಾವಣದ ಸಾಂದ್ರತೆ. ಲೆಕ್ಕ ಹೀಗೆ:

```
Λm = κ × 1000 / M

0.20 M :  κ = 0.0248   Λm = 124
0.10 M :  κ = 0.0129   Λm = 129
```

ದ್ರಾವಣ ಅರ್ಧಕ್ಕೆ ತೆಳ್ಳಗಾದಾಗ ಕಂಡಕ್ಟಿವಿಟಿಯೂ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ. ಪುಟ್ಟ ಚೌಕದ ಅರ್ಥ ಅದೇ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಜಾಗದಲ್ಲಿ ಎಷ್ಟು ಅಯಾನುಗಳಿವೆಯೋ ಅಷ್ಟೇ ವಿದ್ಯುತ್ ಹರಿಯುತ್ತದೆ. ನೀರು ಸೇರಿಸಿದರೆ ಆ ಚೌಕದೊಳಗೆ ಅಯಾನುಗಳು ಕಮ್ಮಿ. ದೊಡ್ಡ ಡಬ್ಬಿ ಅಂದರೆ ಒಂದು ಮೋಲ್ ಉಪ್ಪು ಪೂರ್ತಿ ಹಿಡಿಸುವಷ್ಟು ದ್ರಾವಣ. ನೀರು ಸೇರಿಸಿದರೆ ಡಬ್ಬಿ ದೊಡ್ಡದಾಗುತ್ತದೆ, ಒಳಗಿನ ಒಂದು ಮೋಲ್ ಹಾಗೇ ಇರುತ್ತದೆ.

ಆದರೆ ಹಾಗೇ ಇದ್ದರೆ 124 ಇದ್ದದ್ದು 124 ಆಗಿಯೇ ಇರಬೇಕಿತ್ತಲ್ಲ, 129 ಯಾಕಾಯಿತು? ಇಲ್ಲಿ ನನಗೆ ತೋಚಲಿಲ್ಲ. ಸಂಜೆ ಗೆಳತಿಗೆ ಫೋನ್ ಮಾಡಿದೆ.

"ಅಯ್ಯೋ ಮಾರಾಯ್ತಿ, ಸೌಂಡೇ ಬಂದಿಲ್ವಾ? ನಾನು ಹಾಕಿ ನೋಡ್ಲೇ ಇಲ್ಲ ಕಣೆ" ಅಂತ ಬೇಜಾರು ಮಾಡಿಕೊಂಡಳು. ಆಮೇಲೆ ನೆನಪಿಸಿಕೊಂಡು ಹೇಳಿದಳು. "ಮೇಡಂ ಮಜ್ಜಿಗೆ ಕಥೆ ಹೇಳಿದ್ರು. ಮಜ್ಜಿಗೆಗೆ ನೀರು ಹಾಕಿದ್ರೆ ಒಂದು ಚಮಚದಲ್ಲಿ ಉಪ್ಪು ಕಮ್ಮಿ, ಇಡೀ ಪಾತ್ರೆಯಲ್ಲಿ ಉಪ್ಪು ಅಷ್ಟೇ ಅಂತ."

"ಅಷ್ಟೇ ಅಂದ್ರೆ ಜಾಸ್ತಿ ಯಾಕಾಯ್ತೇ?"

"ಅದನ್ನೂ ಹೇಳಿದ್ರು ಇರು. ದೂರ ದೂರ ಆದ್ರೆ ಎಳೆದಾಟ ಕಮ್ಮಿ ಆಗುತ್ತೆ ಅಂತ. ಪಾಸಿಟಿವ್ ಅಯಾನು ನೆಗೆಟಿವ್ ಅಯಾನು ಒಂದನ್ನೊಂದು ಹಿಡ್ಕೊಂಡು ಓಡೋಕೆ ಬಿಡಲ್ಲ, ನೀರು ಜಾಸ್ತಿ ಆದ್ರೆ ಬಿಡ್ತವೆ."

ಅದೇ ನನಗೆ ಬೇಕಾಗಿದ್ದದ್ದು. ಮಜ್ಜಿಗೆ ಉದಾಹರಣೆ ಅರ್ಧ ದಾರಿಗೆ ಸಾಕು, ಅಲ್ಲಿಂದ ಮುಂದೆ ಅಯಾನುಗಳ ಓಟದ ಮಾತು ಬರಬೇಕು. ಅಸಿಟಿಕ್ ಆಸಿಡ್ ಥರದ ದುರ್ಬಲ ವಸ್ತುವಾದರೆ ಕಾರಣ ಬೇರೆ: ನೀರು ಸೇರಿಸಿದಷ್ಟೂ ಇನ್ನಷ್ಟು ಅಣುಗಳು ಒಡೆದು ಅಯಾನುಗಳಾಗುತ್ತವೆ, ಅದಕ್ಕೆ ಅಲ್ಲಿ ಏರಿಕೆ ಜಾಸ್ತಿ ಕಡಿದು. ಇದು ಏಳನೇ ವಿಡಿಯೋದಲ್ಲಿ, ದನಿಯ ಸಮೇತ, ಇತ್ತು. ನೋಟ್ಸಿನಲ್ಲಿ ನಾನು ಆ ಪುಟದ ತಲೆಬರಹವಾಗಿ ಗೆಳತಿಯ ಪ್ರಶ್ನೆಯನ್ನೇ ಬರೆದಿದ್ದೇನೆ: "ಎರಡೂ ಯಾಕೆ ಉಲ್ಟಾ?" ಇವತ್ತಿಗೂ ಆ ಪುಟ ತೆಗೆದರೆ ತಗಡಿನ ಮೇಲಿನ ಮಳೆ ಕೇಳಿಸುತ್ತದೆ.

ಈಗ ಐದನೇ ವಿಡಿಯೋ. ನನ್ನನ್ನು ಎರಡು ದಿನ ಹಿಡಿದಿಟ್ಟಿದ್ದು ಇದೇ.

ನಾಲ್ಕನೇ ವಿಡಿಯೋದಲ್ಲಿ ಮೇಡಂ ನರ್ನ್ಸ್ಟ್ ಸಮೀಕರಣ ಹೇಳಿದ್ದರು. ಸೆಲ್ಲಿನ ಎರಡೂ ಕಡೆ ದ್ರಾವಣ 1 ಮೋಲಾರ್ ಇದ್ದರೆ ಡೇನಿಯಲ್ ಸೆಲ್ 1.10 ವೋಲ್ಟ್ ಕೊಡುತ್ತದೆ. ತಾಮ್ರದ್ದು 0.34, ಜಿಂಕ್‌ದು ಮೈನಸ್ 0.76, ಕಳೆದರೆ 1.10. ದ್ರಾವಣದ ಸಾಂದ್ರತೆ ಬದಲಾದರೆ ವೋಲ್ಟೇಜೂ ಬದಲಾಗುತ್ತದೆ, ಎಷ್ಟು ಅಂತ ಹೇಳುವುದು ಈ ಸಮೀಕರಣ. ಅದರಲ್ಲಿ ಬರುವ 0.059 ಎಲ್ಲಿಂದ ಬಂತು ಅನ್ನುವುದನ್ನೂ ಮೇಡಂ ಚೆನ್ನಾಗಿ ತೋರಿಸಿದ್ದರು. ಅದು 298 ಕೆಲ್ವಿನ್, ಅಂದರೆ 25 ಡಿಗ್ರಿಗೆ ಮಾತ್ರ ಸಲ್ಲುವ ಸಂಖ್ಯೆ. ಲೆಕ್ಕದಲ್ಲಿ ಬೇರೆ ಉಷ್ಣಾಂಶ ಕೊಟ್ಟಿದ್ದರೆ ಅದನ್ನು ಮತ್ತೆ ಲೆಕ್ಕ ಹಾಕಿಯೇ ತೆಗೆಯಬೇಕು.

ಐದನೇ ಕ್ಲಾಸಿನಲ್ಲಿ ಲೆಕ್ಕಗಳು. ಮೊದಲನೆಯದು ಡೇನಿಯಲ್ ಸೆಲ್ಲಿನದೇ. ಜಿಂಕ್ ಅಯಾನು 0.1, ತಾಮ್ರದ ಅಯಾನು 0.01. ಜಿಂಕಿನಿಂದ ತಾಮ್ರಕ್ಕೆ ಎರಡು ಎಲೆಕ್ಟ್ರಾನ್ ಹೋಗುವುದರಿಂದ 0.059ನ್ನು 2ರಿಂದ ಭಾಗಿಸಬೇಕು.

```
E = 1.10 − (0.059/2) log (0.1/0.01)
E = 1.10 − 0.0295 × 1 = 1.07 V
```

ಇದನ್ನು ನೋಡಿ ನಾನು ನೋಟ್ಸಿನಲ್ಲಿ ಒಂದು ನಿಯಮ ಬರೆದುಕೊಂಡೆ: ಲಾಗ್ ಒಳಗೆ ಮೇಲೆ ಆನೋಡ್ ಕಡೆಯ ಅಯಾನು, ಕೆಳಗೆ ಕ್ಯಾಥೋಡ್ ಕಡೆಯ ಅಯಾನು. ಅಷ್ಟರಲ್ಲಿ ಗೆಳತಿಗೆ ಯಾರದೋ ಫೋನ್ ಬಂದಿದೆ. ಎಂಟು ನಿಮಿಷ ಸದ್ದಿಲ್ಲ, ಚಿತ್ರ ಅಲ್ಲೇ ನಿಂತಿದೆ. ಮತ್ತೆ ಶುರುವಾದಾಗ ಹೊಸ ಹಾಳೆ. ಮೇಡಂ "ಮೆಗ್ನೀಸಿಯಂ ಮತ್ತು ಬೆಳ್ಳಿಯ ಲೆಕ್ಕ ಪುಸ್ತಕದಲ್ಲಿದೆ, ನೀವೇ ಮಾಡಿ" ಅಂತ ಹೇಳಿ ಮುಂದೆ ಹೋಗಿದ್ದಾರೆ.

ನಾನೇ ಮಾಡಿದೆ. ಮೆಗ್ನೀಸಿಯಂ ಅಯಾನು 0.130, ಬೆಳ್ಳಿಯ ಅಯಾನು 0.0001, ಎರಡೂ 1 ಮೋಲಾರ್ ಇದ್ದಾಗಿನ ವೋಲ್ಟೇಜ್ 3.17. ನನ್ನ ನಿಯಮದ ಪ್ರಕಾರ:

```
E = 3.17 − 0.0295 log (0.130/0.0001)
E = 3.17 − 0.09 = 3.08 V
```

ಪುಸ್ತಕದ ಉತ್ತರ 2.96. ಲಾಗ್ ಟೇಬಲ್ ಮತ್ತೆ ನೋಡಿದೆ, ಕೂಡಿ ಕಳೆದು ಮತ್ತೆ ಮಾಡಿದೆ, ಅದೇ 3.08. ಬೆಳ್ಳಿಯ ಅಯಾನು ತುಂಬಾ ಕಮ್ಮಿ ಇದೆ, ಹಾಗಾಗಿ ವೋಲ್ಟೇಜ್ 3.17ಕ್ಕಿಂತ ಇಳಿಯಬೇಕು, ಇಳಿದಿದೆ. ದಿಕ್ಕು ಸರಿ ಇದೆ, ಅಳತೆ ತಪ್ಪಿದೆ. ಈ ಥರದ ತಪ್ಪು ಹಿಡಿಯುವುದು ಕಷ್ಟ. ಉತ್ತರ ಪೂರ್ತಿ ಎಡವಟ್ಟಾಗಿದ್ದರೆ ಕಣ್ಣಿಗೆ ಹೊಡೆಯುತ್ತದೆ, ಇದು ನಂಬುವ ಹಾಗೇ ಇತ್ತು. ಪುಸ್ತಕ ಪಕ್ಕದಲ್ಲಿ ಇಲ್ಲದಿದ್ದರೆ ನಾನು 3.08 ಅಂತಲೇ ಬರೆದು ಮುಂದೆ ಹೋಗುತ್ತಿದ್ದೆ.

ಮಾರನೇ ದಿನ ಬೆಳಿಗ್ಗೆ, ಅಮ್ಮ ಕೊಟ್ಟ ಗಂಜಿ ಕುಡಿಯುತ್ತಾ, ಎರಡು ಉತ್ತರಗಳ ನಡುವಿನ ವ್ಯತ್ಯಾಸ ಎಷ್ಟು ಅಂತ ನೋಡಿದೆ. 0.12. ಅದನ್ನು 0.0295ರಿಂದ ಭಾಗಿಸಿದರೆ ಸರಿಸುಮಾರು 4. ನಾಲ್ಕು ಅಂದರೆ ಹತ್ತು ಸಾವಿರದ ಲಾಗ್. ಹತ್ತು ಸಾವಿರದಲ್ಲಿ ಒಂದು ಭಾಗ ಅಂದರೆ 0.0001, ಬೆಳ್ಳಿಯ ಸಾಂದ್ರತೆಯೇ! ಪುಸ್ತಕದವರು ಬೆಳ್ಳಿಯಿಂದ ಇನ್ನೊಂದು ಸಲ ಭಾಗಿಸಿದ್ದಾರೆ, ಅಂದರೆ ವರ್ಗ ಮಾಡಿದ್ದಾರೆ. ಯಾಕೆ? ಆಗ ಕ್ರಿಯೆಯನ್ನು ಬರೆದು ನೋಡಿದೆ.

```
Mg + 2Ag⁺ → Mg²⁺ + 2Ag

E = 3.17 − 0.0295 log (0.130/(0.0001)²)
E = 3.17 − 0.21 = 2.96 V
```

ಮೆಗ್ನೀಸಿಯಂ ಎರಡು ಎಲೆಕ್ಟ್ರಾನ್ ಕೊಡುತ್ತದೆ, ಬೆಳ್ಳಿಯ ಒಂದು ಅಯಾನು ಒಂದನ್ನೇ ತಗೊಳ್ಳುತ್ತದೆ. ಹಾಗಾಗಿ ಬೆಳ್ಳಿ ಎರಡು ಬೇಕು. ಸಮತೋಲನ ಮಾಡಿದ ಕ್ರಿಯೆಯಲ್ಲಿ ಮುಂದೆ ಬರುವ ಆ 2, ಲಾಗ್ ಒಳಗೆ ತಲೆಯ ಮೇಲೆ ಹೋಗಿ ಕೂರುತ್ತದೆ. ಡೇನಿಯಲ್ ಸೆಲ್ಲಿನಲ್ಲಿ ಎರಡೂ ಕಡೆ ಒಂದೊಂದೇ, ಅದಕ್ಕೆ ಅಲ್ಲಿ ಘಾತ ಕಾಣುವುದೇ ಇಲ್ಲ. ಕಾಣದ್ದನ್ನು ಇಲ್ಲ ಅಂದುಕೊಂಡು ನಾನು ಒಂದೇ ಉದಾಹರಣೆಯಿಂದ ನಿಯಮ ಮಾಡಿಬಿಟ್ಟಿದ್ದೆ. ನೋಟ್ಸಿನಲ್ಲಿ ಆ ನಿಯಮದ ಮೇಲೆ ಗೆರೆ ಎಳೆದು, "ಮೊದಲು ಕ್ರಿಯೆ ಬರೆ, ಸಮ ಮಾಡು, ಆಮೇಲೆ ಲಾಗ್" ಅಂತ ಬರೆದಿದ್ದೇನೆ. ಹಳೆಯದನ್ನು ಅಳಿಸಿಲ್ಲ. ಎಲ್ಲಿ ಜಾರಿದೆ ಅಂತ ಕಾಣಬೇಕು.

ಮೇಡಂ ಆ ಎಂಟು ನಿಮಿಷದಲ್ಲಿ ಹೇಳಿದ್ದು ಇದನ್ನೇ ಇರಬೇಕು ಅಂತ ನನಗೆ ಖಾತ್ರಿಯಾಯಿತು. ರೆಕಾರ್ಡಿಂಗ್ ಕಡಿದುಹೋದ ಜಾಗದ ಎರಡೂ ಬದಿಯಲ್ಲಿ ಏನಿದೆ ನೋಡಿ. ಈ ಬದಿಯಲ್ಲಿ ಡೇನಿಯಲ್ ಸೆಲ್, ಆ ಬದಿಯಲ್ಲಿ "ಬೆಳ್ಳಿಯ ಲೆಕ್ಕ ನೀವೇ ಮಾಡಿ". ನಡುವೆ ಬಿಟ್ಟುಹೋಗಿರುವುದು ಮೊದಲನೆಯದರಿಂದ ಎರಡನೆಯದಕ್ಕೆ ದಾಟಿಸುವ ಮಾತು. ಆಮೇಲೆ ಎಲ್ಲಿ ವಿಡಿಯೋ ಕಡಿದರೂ ನಾನು ಮೊದಲು ಹುಡುಕುತ್ತಿದ್ದದ್ದು, ಅದು ಮುಗಿದ ಮೇಲೆ ಮೇಡಂ ನಮ್ಮಿಂದ ಏನು ಮಾಡಿಸಿದರು ಅನ್ನುವುದನ್ನು.

ಬ್ಯಾಟರಿ, ಫ್ಯೂಯಲ್ ಸೆಲ್, ತುಕ್ಕು ಹಿಡಿಯುವುದು, ಇವು ಒಂಬತ್ತನೇ ವಿಡಿಯೋದಲ್ಲಿ. ಅವುಗಳಿಗೆ ನಾನು ಒಂದೂವರೆ ಪುಟ ಮಾತ್ರ ಕೊಟ್ಟೆ. ಪುಸ್ತಕದಲ್ಲಿ ಚೆನ್ನಾಗಿದೆ, ಮೇಡಂ ಹೆಚ್ಚಾಗಿ ಅದನ್ನೇ ಓದಿ ವಿವರಿಸಿದ್ದರು. ಪುಸ್ತಕದಲ್ಲಿ ಇರುವುದನ್ನು ನೋಟ್ಸಿಗೆ ನಕಲು ಮಾಡಲು ಆಗ ನನ್ನ ಕೈಯಲ್ಲಿ ಶಕ್ತಿಯೂ ಇರಲಿಲ್ಲ.

ಕಾಲೇಜು ಮತ್ತೆ ತೆರೆದ ದಿನ ಮೆಮೊರಿ ಕಾರ್ಡಿನ ಜೊತೆ ಆ ಹನ್ನೊಂದು ಪುಟವನ್ನೂ ಗೆಳತಿಗೆ ಕೊಟ್ಟೆ. ಕಾರಿಡಾರಿನ ಕಟ್ಟೆಯ ಮೇಲೆ ಕೂತು ತಿರುವಿ ಹಾಕುತ್ತಿದ್ದವಳು ಐದನೇ ಪುಟದಲ್ಲಿ ನಿಂತಳು. ಬ್ಯಾಗಿನಿಂದ ತನ್ನ ನೋಟ್‌ಬುಕ್ ತೆಗೆದು ಪಕ್ಕದಲ್ಲಿ ಇಟ್ಟಳು. ಆ ಫೋನ್ ಬಂದಾಗ ಅವಳೂ ಎದ್ದು ಹೋಗಿದ್ದಳಲ್ಲ, ಅವಳೂ ಆ ಎಂಟು ನಿಮಿಷ ಕೇಳಿರಲಿಲ್ಲ. ಅವಳ ಪುಟದಲ್ಲಿ, ಎರಡು ಗೆರೆ ಎಳೆದ ಉತ್ತರ: 3.08.

"ಪೆನ್ ಕೊಡೇ ಇಲ್ಲಿ, ಕೆಂಪುದು" ಅಂದಳು.